ಬಿಸಿನೀರಿನ ಯಂತ್ರವೂ ಅದು ತೊಟ್ಟಿಕ್ಕುವ ತಣ್ಣೀರೂ

ಘಟ್ಟದ ಮೇಲಣ ಸಿರ್ಸಿ, ಸಿದ್ದಾಪುರ, ಸಾಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಹತ್ತು ಹನ್ನೆರಡು ಮಂದಿ ಒಂದೇ ಸೂರಿನಡಿ ಬಾಳುವ ಅಡಿಕೆ ಬೆಳೆಗಾರರ ತುಂಬು ಮನೆಗಳು ಇಂದಿಗೂ ಉಳಿದುಕೊಂಡಿವೆ. ಬಚ್ಚಲಿನಲ್ಲಿ ಹೂಡಿದ ತಾಮ್ರದ ಹಂಡೆಯೂ, ಅಡಿಕೆ ಸಿಪ್ಪೆ, ಒಣಸೋಗೆ, ಕಟ್ಟಿಗೆಗಳಿಂದ ನಸುಕಿನಲ್ಲಿಯೇ ಹೊತ್ತಿಕೊಳ್ಳುವ ಅದರ ಒಲೆಯೂ ಇದ್ದಷ್ಟು ಕಾಲ ಆ ಮನೆಗಳವರು ಬಿಸಿನೀರಿಗಾಗಿ ಚಿಂತಿಸಬೇಕಾಗಿರಲಿಲ್ಲ. ಈಗ ಕಟ್ಟಿಗೆಯನ್ನು ಒಟ್ಟುವ ಕೈಗಳು ಕಡಮೆಯಾಗಿವೆ. ಮಾಡಿನ ಮೇಲಿಟ್ಟ ಸೋಲಾರ್ ಫಲಕವು ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮೋಡವನ್ನೇ ನೋಡುತ್ತಿರುತ್ತದೆ. ಬಚ್ಚಲಿಗೊಂದರಂತೆ ಗೀಸರುಗಳನ್ನು ಕೂರಿಸಿದರೆ, ಎಲ್ಲವೂ ಒಮ್ಮೆಗೇ ಎಳೆಯುವ ವಿದ್ಯುತ್ತನ್ನು ಹಳ್ಳಿಯ ಲೈನು ಬೆಳಗಿನ ಹೊತ್ತಿನಲ್ಲಿ ತಾಳಿಕೊಳ್ಳದು. ಇಂತಹ ಮನೆಗೆ ಹೀಟ್ ಪಂಪ್ ಎಂಬ ಯಂತ್ರವು ಒಪ್ಪುವಷ್ಟು ಬೇರೊಂದು ಸಾಧನವು ಒಪ್ಪಲಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಯಂತ್ರವನ್ನು ಕೊಳ್ಳುವಾಗ ಜನ ತೋರುವ ಎಚ್ಚರದಲ್ಲಿ ಕಾಲುಭಾಗವನ್ನಾದರೂ ಅದರಿಂದ ಹೊರಡುವ ಪೈಪುಗಳ ವಿಷಯದಲ್ಲಿ ತೋರುವುದಿಲ್ಲ. ಯಂತ್ರದಿಂದ ಎರಡು ಬಗೆಯ ನೀರು ಹೊರಡುತ್ತದೆ: ಟ್ಯಾಂಕಿಗೆ ಹೋಗುವ ಬಿಸಿನೀರು ಒಂದು, ಮೋರಿಗೆ ಹೋಗುವ ತಣ್ಣೀರು ಇನ್ನೊಂದು. ಈ ಎರಡರ ದಾರಿಗಳು ನೆಟ್ಟಗಾಗದಿದ್ದರೆ ಎಂತಹ ಉತ್ತಮ ಯಂತ್ರವೂ ತನ್ನ ಗುಣವನ್ನು ತೋರಲಾರದು.

ಗೀಸರು ವಿದ್ಯುತ್ತನ್ನು ಶಾಖವಾಗಿ ಮಾರ್ಪಡಿಸುತ್ತದೆ. ಹೀಟ್ ಪಂಪಾದರೋ ಶಾಖವನ್ನು ಸೃಷ್ಟಿಸದೆ, ಹೊರಗಿನ ಗಾಳಿಯಲ್ಲಿ ಈಗಾಗಲೇ ಇರುವುದನ್ನು ಎತ್ತಿ ನೀರಿಗೆ ಸಾಗಿಸುತ್ತದೆ. ಅದರ ಬಾಷ್ಪಕ ಸುರುಳಿಯೊಳಗೆ ಶೀತಕದ್ರವವು ಸುತ್ತಲ ಗಾಳಿಗಿಂತ ತಣ್ಣಗಿದ್ದು, ಫ್ಯಾನು ಸೆಳೆದು ತರುವ ಗಾಳಿಯಿಂದ ಶಾಖವನ್ನು ಹೀರಿ ಅನಿಲವಾಗುತ್ತದೆ. ಕಂಪ್ರೆಸರು ಆ ಅನಿಲವನ್ನು ಒತ್ತಿ ಅದರ ಉಷ್ಣತೆಯನ್ನು ಏರಿಸುತ್ತದೆ. ಹಾಗೆ ಏರಿದ ಶಾಖವನ್ನು ಅದು ನೀರಿಗೆ ಒಪ್ಪಿಸಿ ಮತ್ತೆ ದ್ರವವಾಗಿ ಹಿಂದಿರುಗುತ್ತದೆ. ಹೀಗೆ ಒಂದು ಯೂನಿಟ್ ವಿದ್ಯುತ್ತಿನ ವೆಚ್ಚದಲ್ಲಿ ಮೂರು, ಅನುಕೂಲವಾದ ಹವೆಯಲ್ಲಿ ನಾಲ್ಕರವರೆಗೆ ಯೂನಿಟ್‌ಗಳಷ್ಟು ಶಾಖವು ನೀರಿಗೆ ಸೇರುತ್ತದೆ. ಕೂಡಿಡುವ ನೀರು ಬಿಸಿಯಾದಷ್ಟೂ ಈ ಲಾಭ ಇಳಿಯುತ್ತ ಹೋಗುತ್ತದೆ. 22 ಡಿಗ್ರಿಯ ನೀರನ್ನು ಕಾಯಿಸುವುದು ಯಂತ್ರಕ್ಕೆ ಹಗುರವಾದ ಕೆಲಸ, 55 ಡಿಗ್ರಿಯ ನೀರನ್ನು ಇನ್ನಷ್ಟು ಕಾಯಿಸುವುದು ಭಾರವಾದ ಕೆಲಸ. ಟ್ಯಾಂಕಿನ ಪೈಪುಗಳ ವಿಚಾರದಲ್ಲಿ ಮುಂದೆ ಹೇಳುವ ಮಾತುಗಳಿಗೆಲ್ಲ ಈ ಒಂದು ಸಂಗತಿಯೇ ಬುಡವಾದುದರಿಂದ ಇದನ್ನು ನೆನಪಿನಲ್ಲಿಡಬೇಕು.

ಹನ್ನೆರಡು ಮಂದಿಯ ಮನೆಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ತಲೆಗೆ ಎರಡು ಬಕೆಟಿನಂತೆ, ಎಂದರೆ 40 ಲೀಟರಿನಂತೆ, 40 ಡಿಗ್ರಿಯ ಹದವಾದ ಸ್ನಾನದ ನೀರು ಬೇಕೆಂದರೆ ಒಟ್ಟು 480 ಲೀಟರ್ ಆಗುತ್ತದೆ. ಬರುವ ನೀರು 22 ಡಿಗ್ರಿ, ಟ್ಯಾಂಕಿನಲ್ಲಿರುವುದು 55 ಡಿಗ್ರಿ ಎಂದಿಟ್ಟುಕೊಂಡರೆ, ಬೆರೆಸಿಕೊಳ್ಳುವ ತಣ್ಣೀರನ್ನು ಕಳೆದು ಟ್ಯಾಂಕಿನಿಂದ ಹೊರಡಬೇಕಾದುದು 260 ಲೀಟರಿನಷ್ಟು ಮಾತ್ರ. ಅಡುಗೆಮನೆಗೂ ಪಾತ್ರೆ ತೊಳೆಯುವುದಕ್ಕೂ 40 ಲೀಟರನ್ನು ಸೇರಿಸಿದರೆ 300 ಲೀಟರಿನ ಟ್ಯಾಂಕು ಸಾಕು. ಅಷ್ಟನ್ನು 33 ಡಿಗ್ರಿ ಏರಿಸಲು ಹನ್ನೊಂದೂವರೆ ಯೂನಿಟ್ ಶಾಖ ಬೇಕಾಗುತ್ತದೆ. ಗೀಸರಾದರೆ ಅದಿಷ್ಟನ್ನೂ ಮೀಟರಿನಲ್ಲಿ ತೋರಿಸುವುದು. ಹೀಟ್ ಪಂಪಿನ ಮೀಟರು ಮೂರೂವರೆಯ ಆಸುಪಾಸಿನಲ್ಲಿ ನಿಲ್ಲುವುದು. ಮೂರೂವರೆ ಕಿಲೋವಾಟ್ ಶಾಖವನ್ನು ನೀಡುವ ಯಂತ್ರಕ್ಕೆ ಈ ಕೆಲಸ ಮೂರೂಕಾಲು ಗಂಟೆಯದು. ಆದುದರಿಂದ ಈ ಯಂತ್ರಕ್ಕೆ ಗೀಸರಿನ ಆತುರವನ್ನು ಕಲಿಸಲಾಗದು. ಹೊರಗಿನ ಗಾಳಿ ಬೆಚ್ಚಗಿರುವ ಮಧ್ಯಾಹ್ನದಲ್ಲಿ ಅದನ್ನು ನಡೆಸಿ, ಬೇಕಾದ ನೀರನ್ನು ಕಾಪಿಟ್ಟುಕೊಳ್ಳುವುದೇ ಉಚಿತವಾದ ಕ್ರಮ.

ಕಾಪಿಟ್ಟ ನೀರು ಟ್ಯಾಂಕಿನೊಳಗೆ ಹೇಗೆ ನಿಲ್ಲುತ್ತದೆ ಎಂಬುದನ್ನು ಅರಿಯದೆ ಪೈಪು ಜೋಡಿಸುವುದು ಸಲ್ಲದು. ಬಿಸಿನೀರು ಹಗುರ, ತಣ್ಣೀರು ಭಾರ. ಯಾರೂ ಕಲಕದಿದ್ದರೆ ಬಿಸಿನೀರು ಮೇಲೆಯೂ ತಣ್ಣೀರು ಕೆಳಗೆಯೂ ಗಂಟೆಗಟ್ಟಲೆ ಸ್ತರಸ್ತರವಾಗಿ ನಿಂತಿರುತ್ತವೆ. ಮನೆಯ ಬಚ್ಚಲುಗಳಿಗೆ ಹೋಗುವ ಪೈಪು ನೆತ್ತಿಯಿಂದ ಹೊರಡಬೇಕೆಂಬುದನ್ನೂ, ಹೊಸ ತಣ್ಣೀರು ಬುಡದಲ್ಲಿ ಮೆಲ್ಲಗೆ ಒಳಸೇರಬೇಕೆಂಬುದನ್ನೂ ಎಲ್ಲ ಫಿಟ್ಟರುಗಳೂ ಬಲ್ಲರು. ತೊಡಕಿರುವುದು ಎರಡನೆಯ ಜೋಡಿಯಲ್ಲಿ, ಎಂದರೆ ಟ್ಯಾಂಕಿನಿಂದ ಯಂತ್ರಕ್ಕೆ ಹೋಗಿಬರುವ ಪೈಪುಗಳಲ್ಲಿ. ಹೋಗುವ ಪೈಪು ಬುಡದಿಂದಲೇ ಹೊರಡಬೇಕೆಂಬುದರಲ್ಲಿ ಸಂಶಯವಿಲ್ಲ; ಅತ್ಯಂತ ತಣ್ಣನೆಯ ನೀರು ಯಂತ್ರಕ್ಕೆ ಸಿಕ್ಕಿದಾಗಲೇ ಅದರ ಕೆಲಸ ಹಗುರ. ಮರಳಿ ಬರುವ ಪೈಪನ್ನು ಎಲ್ಲಿ ಸೇರಿಸಬೇಕು? ಬಿಸಿಯಾದ ನೀರಲ್ಲವೇ, ಮೇಲಕ್ಕೇ ಸೇರಲಿ ಎಂದು ಅನೇಕರು ಅದನ್ನು ನೆತ್ತಿಗೆ ಕೊಂಡೊಯ್ಯುತ್ತಾರೆ. ಮನೆಬಳಕೆಯ ಬಹುಪಾಲು ಯಂತ್ರಗಳಲ್ಲಿ ಇದು ದೊಡ್ಡ ಪ್ರಮಾದ.

ಏಕೆಂದರೆ ಇಂತಹ ಯಂತ್ರವು ನೀರನ್ನು ಒಂದೇ ಸುತ್ತಿನಲ್ಲಿ 55 ಡಿಗ್ರಿಗೆ ಏರಿಸುವುದಿಲ್ಲ. ಅದರ ಪಂಪು ನಿಮಿಷಕ್ಕೆ ಹತ್ತು ಲೀಟರಿನಷ್ಟು ನೀರನ್ನು ತಿರುಗಿಸುತ್ತ, ಸುತ್ತಿಗೆ ಐದು ಡಿಗ್ರಿಯಂತೆ ಏರಿಸುತ್ತ ಹೋಗುತ್ತದೆ. 22 ಡಿಗ್ರಿಯಲ್ಲಿ ಹೊರಟ ನೀರು 27 ಡಿಗ್ರಿಯಾಗಿ ಮರಳುತ್ತದೆ. ಬೆಳಗಿನ ಸ್ನಾನಗಳ ನಡುವೆ, ಟ್ಯಾಂಕಿನ ಮೇಲ್ಭಾಗದಲ್ಲಿ 50 ಡಿಗ್ರಿಯ ನೀರು 100 ಲೀಟರೂ, ಕೆಳಗೆ 22 ಡಿಗ್ರಿಯದು 200 ಲೀಟರೂ ಉಳಿದಿರುವಾಗ ಯಂತ್ರ ಹೊರಟಿತೆನ್ನಿ. 27 ಡಿಗ್ರಿಯ ನೀರನ್ನು ನೆತ್ತಿಯಲ್ಲಿ ಸುರಿದರೆ, ಅದು ಭಾರದಿಂದ ಕೆಳಗಿಳಿಯುತ್ತ, ದಾರಿಯ ಬಿಸಿನೀರನ್ನೆಲ್ಲ ಕಲಕುತ್ತ, ಅರ್ಧ ಗಂಟೆಯೊಳಗಾಗಿ ಇಡೀ ಟ್ಯಾಂಕನ್ನು 30 ಡಿಗ್ರಿ ಮೀರಿದ ಉಗುರುಬೆಚ್ಚಗಿನ ನೀರನ್ನಾಗಿ ಮಾಡುತ್ತದೆ. ಇನ್ನೂ ನಾಲ್ವರು ಮೀಯಲು ಸಾಲುತ್ತಿದ್ದ ನೀರು ಆಗ ಒಬ್ಬರಿಗೂ ಒದಗದೆ ಹೋಗುತ್ತದೆ. ಮತ್ತೆ ಮೈಗೆ ಹಿತವಾಗುವಷ್ಟು ಕಾಯಲು ಸುಮಾರು ಒಂದು ಗಂಟೆ ಬೇಕು. ಮರಳುವ ಪೈಪನ್ನು ಟ್ಯಾಂಕಿನ ಎತ್ತರದ ಮೂರರಲ್ಲಿ ಒಂದು ಭಾಗದಷ್ಟು ಮೇಲೆ ಸೇರಿಸಿದರೆ, ಅದೇ 27 ಡಿಗ್ರಿಯ ನೀರು ಕೆಳಗಿನ ತಣ್ಣೀರಿನೊಡನೆ ಮಾತ್ರ ಬೆರೆತು, ಮೇಲಿನ 100 ಲೀಟರನ್ನು ಮುಟ್ಟದೆ ಬಿಡುತ್ತದೆ. ಒಂದೇ ಸುತ್ತಿನಲ್ಲಿ ಪೂರ್ಣವಾಗಿ ಕಾಯಿಸುವ ಯಂತ್ರಗಳೂ ಉಂಟು; ಅವುಗಳ ಹರಿವು ನಿಮಿಷಕ್ಕೆ ಒಂದೂವರೆ ಲೀಟರಿನಷ್ಟೇ; ಅಂತಹವುಗಳಿಗೆ ಮಾತ್ರ ನೆತ್ತಿಯೇ ಸರಿಯಾದ ಸ್ಥಾನ. ಯಂತ್ರವು ಯಾವ ಜಾತಿಯದೆಂದು ಅದರೊಡನೆ ಬರುವ ಪುಸ್ತಕದಲ್ಲಿ ಹರಿವಿನ ಅಂಕಿಯನ್ನು ನೋಡಿದರೆ ತಿಳಿಯುವುದು. ಯಂತ್ರ ಹೊರಟ ಕೂಡಲೇ ನಲ್ಲಿಯ ಬಿಸಿನೀರು ತಣ್ಣಗಾಗುತ್ತದೆಂಬ ದೂರು ಬಂದರೆ ಯಂತ್ರವನ್ನು ಶಂಕಿಸುವ ಮುನ್ನ ಈ ಪೈಪನ್ನು ನೋಡಬೇಕು.

ಉಷ್ಣತೆಯನ್ನು ಅಳೆಯುವ ಸೆನ್ಸರಿನ ಸ್ಥಾನವೂ ಇದಕ್ಕೆ ಹೊಂದಿಕೊಂಡಿರಬೇಕು. ನೆತ್ತಿಯಲ್ಲಿಟ್ಟರೆ ಅರ್ಧ ಟ್ಯಾಂಕು ತಣ್ಣಗಿರುವಾಗಲೇ ಯಂತ್ರ ನಿಂತುಬಿಡುತ್ತದೆ; ತೀರ ಬುಡದಲ್ಲಿಟ್ಟರೆ ಒಂದು ಚೊಂಬು ನೀರನ್ನು ಬಳಸಿದರೂ ಹೊರಟು ನಿಂತು ಕಂಪ್ರೆಸರನ್ನು ಸವೆಸುತ್ತದೆ. ಕೆಳಗಿನಿಂದ ಮೂರರಲ್ಲಿ ಒಂದು ಭಾಗದ ಎತ್ತರ ಇದಕ್ಕೂ ಸಲ್ಲುವುದು.

ಮಲೆನಾಡಿನ ಅನೇಕ ಮನೆಗಳಿಗೆ ಗುಡ್ಡದ ಮೇಲಿನ ಅಬ್ಬಿಯ ನೀರು ತಾನಾಗಿ ಇಳಿದು ಬಂದು ಮನೆಯ ಹಿಂದಿನ ಎತ್ತರದ ತೊಟ್ಟಿಯನ್ನು ತುಂಬುತ್ತದೆ. ಇದು ದೊಡ್ಡ ಅನುಕೂಲ. ಆದರೆ ಆ ನೀರಿನೊಡನೆ ಸಣ್ಣ ಮರಳೂ ಕೊಳೆತ ಎಲೆಯ ಚೂರೂ ಬರುವುದರಿಂದ ಯಂತ್ರದ ಪಂಪಿಗೆ ಮೊದಲು ಜಾಲರಿಯ ಸ್ಟ್ರೇನರನ್ನು, ಅದರ ಎರಡೂ ಕಡೆ ವಾಲ್ವುಗಳೊಡನೆ, ಕೂರಿಸಲೇಬೇಕು. ಇಲ್ಲವಾದರೆ ಹರಿವು ಕುಗ್ಗಿ, ಶಾಖವನ್ನು ಒಯ್ಯುವವರಿಲ್ಲದೆ ಒಳಗಿನ ಒತ್ತಡ ಏರಿ, ಯಂತ್ರವು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ತೊಟ್ಟಿಯಿಂದ ಬಿಸಿನೀರಿನ ಟ್ಯಾಂಕಿಗೆ ಬರುವ ಒಂದಿಂಚಿನ ಪೈಪು ಇದೊಂದಕ್ಕೇ ಮೀಸಲಾಗಿದ್ದು, ದಾರಿಯಲ್ಲಿ ಎಲ್ಲಿಯೂ ಟೀ ಹಾಕಿ ಬೇರೆ ನಲ್ಲಿಗೆ ಕವಲು ತೆಗೆಯಬಾರದು. ಅಬ್ಬಿಯ ಪೈಪು ಮಳೆಗೆ ಕಿತ್ತು ಹೋಗಿ ತೊಟ್ಟಿ ಬರಿದಾದ ದಿನ, ಕೆಳಗಿನ ಕವಲಿನ ನಲ್ಲಿಯನ್ನು ಯಾರಾದರೂ ತಿರುಗಿಸಿದರೆ ಟ್ಯಾಂಕಿನ ನೀರು ಹಿಮ್ಮುಖವಾಗಿ ಅದರಿಂದಲೇ ಹೊರಬರುತ್ತದೆ. 

ನೀರು ಕಾದಾಗ ಹಿಗ್ಗುತ್ತದೆಂಬುದು ಶಾಲೆಯಲ್ಲಿ ಓದಿದ ಮಾತು. 300 ಲೀಟರು 22ರಿಂದ 55 ಡಿಗ್ರಿಗೆ ಏರಿದಾಗ ಅದು ಮೂರೂವರೆ ಲೀಟರನ್ನು ಮೀರಿ ಹಿಗ್ಗುತ್ತದೆಂಬುದನ್ನು ಮಾತ್ರ ಪೈಪು ಜೋಡಿಸುವಾಗ ಮರೆಯುತ್ತೇವೆ. ಮೀಸಲು ಪೈಪಿನಲ್ಲಿ ಎನ್‌ಆರ್‌ವಿ ಇಲ್ಲದಿದ್ದರೆ ಆ ಹೆಚ್ಚುವರಿ ನೀರು ಸದ್ದಿಲ್ಲದೆ ತೊಟ್ಟಿಗೇ ಹಿಂದಿರುಗುತ್ತದೆ. ಇದರೊಡನೆ ಟ್ಯಾಂಕಿನ ನೆತ್ತಿಯ ಬಿಸಿನೀರಿನ ಪೈಪಿನಿಂದ ಒಂದು ಬಯಲು ಕೊಳವೆಯನ್ನು ತೆಗೆದು, ತೊಟ್ಟಿಯ ನೀರಿನ ಮಟ್ಟಕ್ಕಿಂತ ಒಂದಡಿಯಾದರೂ ಎತ್ತರಕ್ಕೆ ಒಯ್ದು ಬಾಗಿಸಿ ಬಿಡಬೇಕು. ಗಾಳಿಯೂ ಹಬೆಯೂ ಹೊರಹೋಗುವ ದಾರಿ ಅದು. ಮಟ್ಟಕ್ಕೆ ಸಮನಾಗಿ ಬಿಟ್ಟರೆ ಸಾಲದು, ಏಕೆಂದರೆ ಹಗುರಾದ ಬಿಸಿನೀರು ಐದು ಮೀಟರಿನ ಕೊಳವೆಯಲ್ಲಿ ಆರು ಸೆಂಟಿಮೀಟರಿನಷ್ಟು ಹೆಚ್ಚು ಎತ್ತರಕ್ಕೆ ನಿಂತು, ದಿನವಿಡೀ ಸುಮ್ಮನೆ ಹೊರಚೆಲ್ಲುತ್ತಿರುತ್ತದೆ. ಪ್ರೆಷರ್ ಪಂಪನ್ನು ಇರಿಸಿಕೊಂಡ ಮನೆಗೆ ಈ ಬಯಲು ಕೊಳವೆ ಒಗ್ಗದು. ಅಲ್ಲಿ ಒತ್ತಡವನ್ನು ಬಿಡುವ ಸೇಫ್ಟಿ ವಾಲ್ವೂ, ಹಿಗ್ಗಿದ ನೀರಿಗೆ ಎಡೆಕೊಡುವ ಎಕ್ಸ್‌ಪ್ಯಾನ್ಷನ್ ಟ್ಯಾಂಕೂ ಬೇಕಾಗುತ್ತವೆ.

ಬಿಸಿನೀರನ್ನು ಬಚ್ಚಲಿಗೆ ಒಯ್ಯಲು ಸಿಪಿವಿಸಿ ಪೈಪು ಸಾಕಾದುದು. ತಣ್ಣೀರಿಗೆ ಬಳಸುವ ಸಾಮಾನ್ಯ ಪಿವಿಸಿ ಬಿಸಿಗೆ ಮೆತ್ತಗಾಗಿ ಜೋತುಬೀಳುತ್ತದೆ. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಕಾಲು ಲೀಟರು ನೀರು ನಿಲ್ಲುವುದರಿಂದ, ಇಪ್ಪತ್ತು ಮೀಟರು ದೂರದ ಬಚ್ಚಲಿನಲ್ಲಿ ಮೊದಲ ಐದು ಲೀಟರು ತಣ್ಣಗೇ ಬರುವುದು. ಟ್ಯಾಂಕನ್ನು ಬಚ್ಚಲುಗಳ ನಡುವೆ ಇಟ್ಟು, ಯಂತ್ರವನ್ನು ಅದರ ಸಮೀಪದ ಹೊರಗೋಡೆಗೆ ಇಡುವುದೇ ಇದಕ್ಕೆ ಪರಿಹಾರ. ಪೈಪುಗಳಿಗೆಲ್ಲ ಕಪ್ಪು ರಬ್ಬರಿನ ಹೊದಿಕೆ ಇರಬೇಕು. ಮಳೆಗೆ ತೆರೆದ ಕಡೆ ಹೊದಿಕೆಯ ಮೇಲೆ ಇನ್ನೊಂದು ಕವಚವೂ ಇರಬೇಕು, ಒದ್ದೆಯಾದ ಹೊದಿಕೆಯಿಂದ ಪ್ರಯೋಜನವಿಲ್ಲ.

ಇನ್ನು ತಣ್ಣೀರಿನ ಮಾತು. ಮಳೆಗಾಲದಲ್ಲಿ ತಣ್ಣೀರು ತುಂಬಿಟ್ಟ ತಾಮ್ರದ ತಂಬಿಗೆಯ ಹೊರಮೈ ಬೆವರುವಂತೆಯೇ, ಹವೆಯ ಇಬ್ಬನಿ ಬಿಂದುವಿಗಿಂತ ತಣ್ಣಗಿರುವ ಬಾಷ್ಪಕ ಸುರುಳಿಯ ಮೇಲೆ ಗಾಳಿಯ ತೇವವು ನೀರಾಗಿ ಇಳಿಯುತ್ತದೆ. ಯಂತ್ರವನ್ನು ಕೂರಿಸಿದ ಮೊದಲ ಮಳೆಗಾಲದಲ್ಲಿ ಇದನ್ನು ಕಂಡು, ಯಂತ್ರ ಸೋರುತ್ತಿದೆ ಎಂದು ಮನೆಯವರು ಗಾಬರಿಯಾಗುವುದುಂಟು. ಅದು ಸೋರಿಕೆಯಲ್ಲ, ಸ್ನಾನದ ನೀರು ಎಲ್ಲಿಂದ ಕಾಯುತ್ತಿದೆ ಎಂಬುದಕ್ಕೆ ಅದೇ ಪ್ರತ್ಯಕ್ಷ ಪ್ರಮಾಣ. ಹವೆ 24 ಡಿಗ್ರಿಯಿದ್ದು ತೇವಾಂಶ ಶೇಕಡ 90ರಷ್ಟಿರುವ ಜುಲೈ ತಿಂಗಳ ಒಂದು ದಿನ, ಸುರುಳಿಯನ್ನು ಹಾಯ್ದ ಗಾಳಿ 16 ಡಿಗ್ರಿಯಾಗಿ ಹೊರಬರುತ್ತದೆಂದು ಊಹಿಸೋಣ. ಆಗ ಒಂದೊಂದು ಕಿಲೋಗ್ರಾಂ ಗಾಳಿಯೂ ಐದೂವರೆ ಗ್ರಾಮಿನಷ್ಟು ನೀರನ್ನು ಬಿಟ್ಟುಕೊಡುತ್ತದೆ. ನಮ್ಮ ಮನೆಯ ಹನ್ನೊಂದೂವರೆ ಯೂನಿಟ್ ಶಾಖದಲ್ಲಿ ಎಂಟು ಯೂನಿಟ್ ಗಾಳಿಯಿಂದ ಬರಬೇಕಾದುದರಿಂದ, ಲೆಕ್ಕ ಹಾಕಿದರೆ ದಿನಕ್ಕೆ ಏಳು ಲೀಟರಿಗೂ ತುಸು ಹೆಚ್ಚು ನೀರು ಇಳಿಯುತ್ತದೆ. ಆವಿಯು ನೀರಾಗುವಾಗ ತನ್ನ ಗುಪ್ತೋಷ್ಣವನ್ನು, ಲೀಟರಿಗೆ ಯೂನಿಟ್ಟಿನ ಮೂರರಲ್ಲಿ ಎರಡು ಪಾಲಿನಷ್ಟನ್ನು, ಸುರುಳಿಗೆ ಕೊಟ್ಟು ಹೋಗುತ್ತದೆ. ಎಂದರೆ ಆ ಎಂಟರಲ್ಲಿ ಐದು ಯೂನಿಟ್ ಶಾಖ ಬಂದದ್ದು ಗಾಳಿ ತಣ್ಣಗಾದುದರಿಂದಲ್ಲ, ಮಳೆಗಾಲದ ತೇವದಿಂದಲೇ. ಸೋಲಾರ್ ಫಲಕಕ್ಕೆ ಶತ್ರುವಾದ ಮಲೆನಾಡಿನ ಹವೆಯು ಈ ಯಂತ್ರಕ್ಕೆ ಇಷ್ಟರಮಟ್ಟಿಗೆ ಮಿತ್ರನಾಗಿರುವುದು ನನಗೆ ಅಪಾರವಾದ ಸಂತೋಷವನ್ನು ಕೊಡುವ ಸಂಗತಿ.

ದಿನಕ್ಕೆ ಏಳು ಲೀಟರೆಂದರೆ ಅಲ್ಪವೆಂದು ತೋರಬಹುದು. ನಾಲ್ಕು ತಿಂಗಳ ಕಾಲ ಮಣ್ಣಿನ ಗೋಡೆಯ ಬುಡಕ್ಕೋ ಜಂಬಿಟ್ಟಿಗೆಯ ಕಟ್ಟೆಗೋ ಅದು ಇಳಿಯುತ್ತಿದ್ದರೆ ಆಗುವ ಹಾನಿ ಅಲ್ಪವಲ್ಲ. ಈ ನೀರು ಯಾವ ಒತ್ತಡವೂ ಇಲ್ಲದೆ ತನ್ನ ಭಾರದಿಂದಲೇ ಹರಿಯಬೇಕಾದುದರಿಂದ ಪೈಪಿಗೆ ವಾಟವೇ ಪ್ರಾಣ. ಮೀಟರಿಗೆ ಒಂದು ಸೆಂಟಿಮೀಟರ್ ಇಳಿತ ಕನಿಷ್ಠವಾದುದು, ಎರಡಾದರೆ ಉತ್ತಮ. ಪೈಪು ಮುಕ್ಕಾಲು ಇಂಚಿಗಿಂತ ಸಣ್ಣದಾಗಿರಬಾರದು. ಮೂರು ಮೀಟರು ದೂರದ ಮೋರಿಗೆ ಒಯ್ಯುವುದಾದರೆ ಆರು ಸೆಂಟಿಮೀಟರು ಇಳಿತಕ್ಕೇ ಬೇಕು. ಎಲ್ಬೋವಿನ ಆಳ, ತುದಿಯಲ್ಲಿ ಬಿಡಬೇಕಾದ ಎಡೆ, ಇವನ್ನು ಕೂಡಿಸಿದರೆ ಯಂತ್ರದ ಬುಡ ನೆಲದಿಂದ ಒಂದಡಿ ಎತ್ತರದ ಕಟ್ಟೆಯ ಮೇಲಿರುವುದು ಅಗತ್ಯವಾಗುತ್ತದೆ. ಬಹುಕಡೆ ಆಗುವ ತಪ್ಪು ಇಲ್ಲಿಯೇ: ಯಂತ್ರವನ್ನು ನೆಲಕ್ಕೆ ಅಂಟಿಸಿದಂತೆ ಇರಿಸಿ, ಅನಂತರ ವಾಟಕ್ಕೆ ಎಡೆಯಿಲ್ಲದೆ ಮೆದುವಾದ ಹೋಸು ಪೈಪೊಂದನ್ನು ಸಿಕ್ಕಿಸಿ ಬಿಡುತ್ತಾರೆ, ಅದು ನಡುವೆ ಜೋತು, ಜೋತಲ್ಲಿ ನೀರು ನಿಂತು, ನಿಂತಲ್ಲಿ ಲೋಳೆ ಬೆಳೆದು, ಎರಡನೆಯ ಮಳೆಗಾಲದ ಹೊತ್ತಿಗೆ ಪೂರ್ತಿಯಾಗಿ ಕಟ್ಟಿಕೊಳ್ಳುತ್ತದೆ. 

ಯಂತ್ರದ ಕೆಳತಟ್ಟೆಯು ಫ್ಯಾನಿನ ಸೆಳೆತಕ್ಕೆ ಸಿಕ್ಕುವ ಕೋಣೆಯೊಳಗಿದ್ದರೆ ಇನ್ನೊಂದು ತೊಡಕು ಸೇರುತ್ತದೆ. ಆಗ ಫ್ಯಾನು ಪೈಪಿನ ಮೂಲಕ ಗಾಳಿಯನ್ನು ಮೇಲಕ್ಕೆ ಹೀರಿ, ಇಳಿಯಬೇಕಾದ ನೀರನ್ನು ತಟ್ಟೆಯಲ್ಲಿಯೇ ತಡೆದಿಡುತ್ತದೆ. ಯಂತ್ರ ನಿಂತ ಕೂಡಲೇ ನೀರು ಒಮ್ಮೆಗೇ ಧುಮ್ಮಿಕ್ಕುವುದು ಇದರ ಲಕ್ಷಣ. ಪೈಪಿನಲ್ಲಿ ಎರಡಿಂಚು ಆಳದ ಯು ಆಕಾರದ ಬಾಗನ್ನು ಮಾಡಿದರೆ ಅದರಲ್ಲಿ ನಿಂತ ನೀರೇ ಗಾಳಿಗೆ ತಡೆಯಾಗುತ್ತದೆ. ಬೇಸಗೆಯಲ್ಲಿ ಗಾಳಿ ಒಣಗಿದ್ದು ತೇವ ಇಳಿಯದಿರುವುದರಿಂದ ಈ ಬಾಗು ಬತ್ತಿಹೋಗುವುದು. ಮುಂಗಾರಿಗೆ ಮುನ್ನ ತಟ್ಟೆಗೆ ಒಂದು ಚೊಂಬು ನೀರನ್ನು ಸುರಿದು, ಅದು ಸರಾಗವಾಗಿ ಹೊರಬರುವುದೇ ಎಂದು ನೋಡಿದರೆ ಬಾಗೂ ತುಂಬುವುದು, ಪೈಪಿನ ಪರೀಕ್ಷೆಯೂ ಆಗುವುದು. ಒಣ ಪೈಪಿನ ಬಾಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟುವುದೂ ಈ ಕಾಲದಲ್ಲಿಯೇ. ಪೈಪಿನ ತುದಿಯನ್ನು ಶೌಚದ ಕೊಳವೆಗೆ ನೇರವಾಗಿ ಸೇರಿಸುವುದು ಎಂದಿಗೂ ಕೂಡದು. ಬತ್ತಿದ ಬಾಗಿನ ಮೂಲಕ ಏರಿ ಬರುವ ಗಟಾರದ ಅನಿಲವು ಸುರುಳಿಯ ತಾಮ್ರವನ್ನು ತಿನ್ನುತ್ತದೆ. ಮೋರಿಯ ಮೇಲೆ ಎರಡಿಂಚು ಎಡೆಬಿಟ್ಟು ಕಣ್ಣಿಗೆ ಕಾಣುವಂತೆ ಬೀಳಿಸಬೇಕು, ಇಲ್ಲವೆ ಹಿತ್ತಲಿನ ಗಿಡಗಳ ಬುಡಕ್ಕೆ ಬಿಡಬೇಕು. ಸುರುಳಿಯ ಧೂಳೂ ಲೋಹದ ಅಂಶವೂ ಬೆರೆತಿರುವುದರಿಂದ ಕುಡಿಯಲೂ, ಇನ್‌ವರ್ಟರಿನ ಬ್ಯಾಟರಿಗೆ ಹಾಕಲೂ ಆ ನೀರು ಯೋಗ್ಯವಲ್ಲ.

ಸೇಫ್ಟಿ ವಾಲ್ವಿರುವ ಮನೆಯಲ್ಲಿ ಅದರ ಹೊರಹರಿವನ್ನು ಈ ಪೈಪಿಗೆ ಸೇರಿಸಬಾರದು. ಸುಡುನೀರು ಹಿಮ್ಮುಖವಾಗಿ ತಟ್ಟೆಯನ್ನು ಸೇರುವ ಭಯ ಒಂದು, ಯಾವ ನೀರು ಯಾವುದೆಂದು ತಿಳಿಯದಂತಾಗುವ ನಷ್ಟ ಇನ್ನೊಂದು. ಬೇರೆ ಬೇರೆಯಾಗಿ ಬಿದ್ದರೆ ಕಣ್ಣೂ ಕೈಯೂ ಸಾಕು ರೋಗನಿರ್ಣಯಕ್ಕೆ. ತಣ್ಣಗಿದ್ದು, ಸ್ಟೀಲಿನ ತಟ್ಟೆಯಲ್ಲಿ ಒಣಗಿಸಿದಾಗ ಬಿಳಿಯ ಕಲೆಯನ್ನು ಉಳಿಸದಿದ್ದರೆ ಅದು ಗಾಳಿಯ ನೀರು. ಬೆಚ್ಚಗಿದ್ದು ನೀರು ಕಾಯುವ ಹೊತ್ತಿನಲ್ಲಿ ಮಾತ್ರ ಹನಿಯುತ್ತಿದ್ದರೆ ಸೇಫ್ಟಿ ವಾಲ್ವಿನದು. ಎಕ್ಸ್‌ಪ್ಯಾನ್ಷನ್ ಟ್ಯಾಂಕಿನ ಗಾಳಿ ಇಳಿದಿರುವುದೇ ಅದಕ್ಕೆ ಕಾರಣವಾಗಿರಬೇಕು. ಯಂತ್ರ ನಿಂತು ಗಂಟೆಗಳು ಕಳೆದರೂ, ಬೇಸಗೆಯ ಒಣಹವೆಯಲ್ಲಿಯೂ ಹನಿ ನಿಲ್ಲದಿದ್ದರೆ ಮಾತ್ರ ಅದು ನಿಜವಾದ ಸೋರಿಕೆ, ಯೂನಿಯನ್ನುಗಳ ಗಂಟುಗಳನ್ನು ಪರೀಕ್ಷಿಸಬೇಕು.

ಇದಕ್ಕೆ ವಿರುದ್ಧವಾದ ಲಕ್ಷಣವನ್ನು ಜನ ಗಮನಿಸುವುದು ಅಪೂರ್ವ. ಮಳೆ ಹಿಡಿದಿರುವ ದಿನ ಯಂತ್ರ ಗಂಟೆಗಟ್ಟಲೆ ನಡೆಯುತ್ತಿದ್ದರೂ ಪೈಪಿನ ತುದಿಯಲ್ಲಿ ಹನಿ ಬೀಳದಿದ್ದರೆ ಮೊದಲು ಯಂತ್ರದ ಅಡಿಯನ್ನು ನೋಡಬೇಕು. ಅಡಿಯ ನಾಲ್ಕು ಮೂಲೆಗಳಿಂದ ನೀರು ಇಳಿದು ಕಟ್ಟೆ ಒದ್ದೆಯಾಗಿದ್ದರೆ ಪೈಪು ಕಟ್ಟಿದೆ. ನೇರವಾಗಿ ಮೇಲೆದ್ದ ಟೀಯೊಂದನ್ನು ಮೊದಲೇ ಇರಿಸಿದ್ದರೆ ಅದರ ಮುಚ್ಚಳ ತೆಗೆದು ಬಿಸಿನೀರು ಹೊಯ್ದು ತೆರವು ಮಾಡಬಹುದು. ಅಡಿಯೂ ಒಣಗಿದ್ದು, ಹೊರಬರುವ ಗಾಳಿಯೂ ಒಳಹೋಗುವ ಗಾಳಿಯಷ್ಟೇ ಬೆಚ್ಚಗಿದ್ದರೆ ಸುರುಳಿ ತಣ್ಣಗಾಗುತ್ತಿಲ್ಲವೆಂದೇ ಅರ್ಥ. ಶೀತಕ ಸೋರಿಹೋಗಿರಬಹುದು, ಕಂಪ್ರೆಸರು ನಿಂತು ಫ್ಯಾನು ಮಾತ್ರ ತಿರುಗುತ್ತಿರಬಹುದು. ಯಂತ್ರ ಕೆಟ್ಟುದನ್ನು ಮನೆಯವರು ಸಾಮಾನ್ಯವಾಗಿ ಅರಿಯುವುದು ಟ್ಯಾಂಕು ತಣ್ಣಗಾದ ಮರುದಿನ ಬೆಳಗಿನಲ್ಲಿ. ಹಿಂದಿನ ಮಧ್ಯಾಹ್ನವೇ ಹನಿಯನ್ನು ನೋಡಿದವರಿಗೆ ಮೆಕ್ಯಾನಿಕ್ಕನ್ನು ಕರೆಸಲು ಅರ್ಧ ದಿನದ ಬಿಡುವು ಸಿಗುತ್ತದೆ.